ಕೂಡಿದರೆ 101: ಶೇಕಡಾ ಲೆಕ್ಕವನ್ನು ನೂರಕ್ಕೆ ತರುವುದು ಹೇಗೆ?

ಸಮೀಕ್ಷೆ ಮುಗಿದು ವರದಿಯೂ ಸಿದ್ಧವಾಗಿರುತ್ತದೆ. ಅಷ್ಟರಲ್ಲಿ ಯಾರೋ ಒಬ್ಬರು ಪೆನ್ಸಿಲ್ ಹಿಡಿದು ಕೋಷ್ಟಕದ ಶೇಕಡಾಗಳನ್ನು ಕೂಡಿ, ‘ಇದು 101 ಆಗ್ತಿದೆಯಲ್ಲಾ?’ ಎನ್ನುತ್ತಾರೆ. ಲೆಕ್ಕ ತಪ್ಪಿಲ್ಲ, ರೌಂಡ್ ಆಫ್ ಮಾಡಿದ್ದರ ಫಲ ಅಷ್ಟೇ. ಆದರೆ ಅದನ್ನು ಸರಿಪಡಿಸುವ ಭರದಲ್ಲಿ ನಿಜವಾದ ತಪ್ಪು ನುಸುಳುವುದುಂಟು.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು 275 ಜನರನ್ನು ಕೇಳಿದೆವು. ಬಸ್ 118, ಬೈಕ್ 87, ನಡಿಗೆ 41, ಆಟೊ 18, ಕಾರು 11. ಶೇಕಡಾ ಲೆಕ್ಕ ಹಾಕಿದರೆ ಕ್ರಮವಾಗಿ 42.91, 31.64, 14.91, 6.55 ಮತ್ತು ಸರಿಯಾಗಿ 4. ಅರ್ಧಕ್ಕಿಂತ ಹೆಚ್ಚಿದ್ದದ್ದನ್ನು ಮೇಲಕ್ಕೆ ಏರಿಸುವ ಶಾಲೆಯ ನಿಯಮದಂತೆ 43, 32, 15, 7, 4. ಮೊತ್ತ 101. ನಾಲ್ಕೂ ಭಿನ್ನಗಳು ಅರ್ಧ ದಾಟಿದ್ದರಿಂದ ನಾಲ್ಕೂ ಏರಿದವು, ಇಳಿಯುವುದಕ್ಕೆ ಯಾವುದೂ ಉಳಿಯಲಿಲ್ಲ.

ಸಾಮಾನ್ಯವಾಗಿ ಏನು ಮಾಡುತ್ತಾರೆ? ದೊಡ್ಡ ಸಂಖ್ಯೆಯಲ್ಲಿ ಒಂದು ಕಡಿಮೆಯಾದರೆ ಯಾರಿಗೂ ಗೊತ್ತಾಗದು ಎಂದು ಬಸ್ಸನ್ನು 42 ಮಾಡಿಬಿಡುತ್ತಾರೆ. ಅಂದರೆ 42.91 ಇದ್ದದ್ದು 42 ಆಯಿತು; ಹತ್ತಿರ ಹತ್ತಿರ ಒಂದು ಪೂರ್ತಿ ಅಂಶವೇ ಹೋಯಿತು. ಇದಕ್ಕಿಂತ ಒಳ್ಳೆಯ ದಾರಿ ಇದೆ.

ಮೊದಲು ಎಲ್ಲವನ್ನೂ ಕೆಳಕ್ಕೆ ಇಳಿಸಿ. ಭಿನ್ನವನ್ನು ಕತ್ತರಿಸಿದರೆ 42, 31, 14, 6, 4 ಉಳಿಯುತ್ತವೆ, ಮೊತ್ತ 97. ನೂರಕ್ಕೆ ಮೂರು ಕಡಿಮೆ. ಈ ಮೂರನ್ನು, ಕತ್ತರಿಸಿದ ಭಾಗ ಯಾರದ್ದು ದೊಡ್ಡದೋ ಅವರಿಗೆ ಒಂದೊಂದಾಗಿ ಹಂಚಿ. ಬಸ್ಸು ಮತ್ತು ನಡಿಗೆ ಎರಡೂ 0.91 ಕಳೆದುಕೊಂಡಿದ್ದವು, ನಂತರ ಬೈಕ್ 0.64. ಮೂವರಿಗೂ ಒಂದೊಂದು ಸಿಕ್ಕಿತು. ಆಟೊಗೆ ಸಿಗಲಿಲ್ಲ, 6ರಲ್ಲೇ ನಿಂತಿತು. ಕೊನೆಗೆ 43, 32, 15, 6, 4. ಮೊತ್ತ ಸರಿಯಾಗಿ 100, ಒಟ್ಟು ವ್ಯತ್ಯಾಸವೂ ಸಾಧ್ಯವಿದ್ದಷ್ಟು ಕಡಿಮೆ.

ಈ ಉಪಾಯ ಹುಟ್ಟಿದ್ದು ಸಮೀಕ್ಷೆಗಾಗಿ ಅಲ್ಲ. ಅಮೆರಿಕದ ಸಂಸತ್ತಿನ ಸೀಟುಗಳನ್ನು ರಾಜ್ಯಗಳಿಗೆ ಹಂಚಲು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಸೂಚಿಸಿದ ಕ್ರಮ ಇದು. 1792ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಅದಕ್ಕೆ ವೀಟೊ ಹಾಕಿದರು.

ಎಕ್ಸೆಲ್‌ನಲ್ಲಿ ಮಾಡುವಾಗ ದಶಮಾಂಶದ ಗೊಡವೆಗೇ ಹೋಗಬೇಡಿ. ಸಂಖ್ಯೆಯನ್ನು ಮೊದಲು ನೂರರಿಂದ ಗುಣಿಸಿ, ಆಮೇಲೆ ಭಾಗಿಸಿ, ಶೇಷವನ್ನು ಇಟ್ಟುಕೊಳ್ಳಿ. ಬಸ್ಸಿಗೆ 11800ನ್ನು 275ರಿಂದ ಭಾಗಿಸಿದರೆ ಭಾಗಲಬ್ಧ 42, ಶೇಷ 250. B2ರಿಂದ B6ರವರೆಗೆ ಎಣಿಕೆಗಳಿವೆ ಎಂದಿಟ್ಟುಕೊಂಡರೆ C, D, E ಕಾಲಂಗಳ ಎರಡನೇ ಸಾಲಿಗೆ ಈ ಸೂತ್ರಗಳನ್ನು ಹಾಕಿ ಕೆಳಕ್ಕೆ ಎಳೆಯಿರಿ:

```
C2: =INT(B2*100/SUM(B$2:B$6))
D2: =MOD(B2*100,SUM(B$2:B$6))
E2: =C2+IF(RANK(D2,D$2:D$6)<=100-SUM(C$2:C$6),1,0)
```

ತಾಳೆ ನೋಡುವುದು ಸುಲಭ. ಶೇಷಗಳು 250, 175, 250, 150, 0. ಕೂಡಿದರೆ 825, ಅಂದರೆ 275ರ ಮೂರು ಪಟ್ಟು. ಕೊರತೆಯಿದ್ದದ್ದೂ ಮೂರೇ. ಎಣಿಕೆಗಳ ಶೇಷದ ಮೊತ್ತ ಹೀಗೆ ಪೂರ್ತಿ ಪಟ್ಟಾಗಿ ಬರದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಒಂದು ದಶಮಾಂಶ ಕೊಟ್ಟುಬಿಟ್ಟರೆ ತಾಪತ್ರಯ ತಪ್ಪೀತು ಎಂದುಕೊಂಡಿರಾ? ಇದೇ ಸಂಖ್ಯೆಗಳನ್ನು ಶಾಲೆಯ ನಿಯಮದಂತೆ ಒಂದು ದಶಮಾಂಶಕ್ಕೆ ತನ್ನಿ: 42.9, 31.6, 14.9, 6.5, 4.0. ಆಟೊದ ಪೂರ್ತಿ ಲೆಕ್ಕ 6.545 ಇರುವುದರಿಂದ ಅದು 6.5ಕ್ಕೆ ಇಳಿಯಿತು. ಮೊತ್ತ 99.9! ಉಳಿದ 0.1 ಈ ಸಲ ಸಿಗುವುದು ಆಟೊಗೆ, ಏಕೆಂದರೆ ಅದರದ್ದೇ ಈಗ ಅತಿ ದೊಡ್ಡ ಶೇಷ. ಹಾಗಾಗಿ ಆಟೊ 6.6 ಆಗುತ್ತದೆ. ಕೋಷ್ಟಕದಲ್ಲಿ ಶೇ 6.6, ಪಕ್ಕದ ಚಾರ್ಟ್‌ನಲ್ಲಿ ಶೇ 6 ಎಂದು ಅಚ್ಚಾದರೆ ಓದುವವರು ನಗದೆ ಇರುತ್ತಾರೆಯೇ? ಒಂದು ವರದಿಯಲ್ಲಿ ಒಂದೇ ಅಳತೆ ಇರಲಿ. ಹ್ಯಾಮಿಲ್ಟನ್ ಕ್ರಮಕ್ಕೆ ಇಂಥ ಚಂಚಲತೆ ಹಳೆಯದು: 1880ರ ಜನಗಣತಿಯ ನಂತರ ಲೆಕ್ಕ ಹಾಕಿದಾಗ, ಒಟ್ಟು 299 ಸೀಟಿದ್ದರೆ ಅಲಬಾಮಾಗೆ 8, ಒಂದು ಹೆಚ್ಚಿಸಿ 300 ಮಾಡಿದರೆ 7 ಬಂದಿತ್ತು.

ಈ ಕ್ರಮ ಎಲ್ಲ ಕಡೆಗೂ ಒಗ್ಗುವುದಿಲ್ಲ. ಒಬ್ಬರೇ ಎರಡು ಮೂರು ಉತ್ತರ ಕೊಡಬಹುದಾದ ಪ್ರಶ್ನೆಯಲ್ಲಿ ಮೊತ್ತ ನೂರು ದಾಟುವುದೇ ಸರಿ, ಅದನ್ನು ಮುಟ್ಟಬೇಡಿ. ಮೂರು ಆಯ್ಕೆಗಳಿಗೆ ಸಮಸಮ ಉತ್ತರ ಬಂದಾಗಲಂತೂ ಸೂತ್ರವೇ ಕೈಕೊಡುತ್ತದೆ. ಮೂರೂ 33 ಆಗಿ, ಉಳಿದ ಒಂದಕ್ಕೆ ಮೂರೂ ಮೊದಲ ಸ್ಥಾನದಲ್ಲಿ ನಿಂತು, ಎಲ್ಲವೂ 34 ಆಗಿ ಮೊತ್ತ 102 ಬರುತ್ತದೆ. ಕೈಯಿಂದ 34, 33, 33 ಎಂದು ತಿದ್ದಿದರೆ ಸಮಬಲದವರಲ್ಲಿ ಒಬ್ಬರನ್ನು ನಾವೇ ಗೆಲ್ಲಿಸಿದಂತೆ. ಅಲ್ಲಿ ಮೂರನ್ನೂ 33 ಎಂದೇ ಬಿಟ್ಟು, ಕೋಷ್ಟಕದ ಕೆಳಗೆ ‘ಪೂರ್ಣಾಂಕಕ್ಕೆ ತಂದಿರುವುದರಿಂದ ಮೊತ್ತ 100 ಆಗಿಲ್ಲ’ ಎಂದು ಒಂದು ಸಾಲು ಹಾಕಿ.