ನವಣೆ ನುಚ್ಚು ಹಾಕಿದ ರಾಗಿ ಮುದ್ದೆ: ಎರಡು ಗಂಟೆ ಕಳೆದರೂ ಮೆತ್ತಗೆ

ಒಂದು ಲೋಟ ನವಣೆ ನುಚ್ಚು, ಮೂರು ಲೋಟ ರಾಗಿ ಹಿಟ್ಟು, ಒಂಬತ್ತು ಲೋಟ ನೀರು. ನಮ್ಮ ಮೆಸ್ಸಿನಲ್ಲಿ ಈಗ ನಡೆಯುತ್ತಿರುವ ಅಳತೆ ಇದು. ಎಲ್ಲದಕ್ಕೂ ಒಂದೇ ಲೋಟ, ಕಾಲು ಲೀಟರಿನದು. ಇಷ್ಟಕ್ಕೆ ಒಂಬತ್ತು ಹತ್ತು ಮುದ್ದೆ ಆಗುತ್ತವೆ. ಹನ್ನೆರಡೂವರೆಗೆ ಕಟ್ಟಿದ ಮುದ್ದೆ ಎರಡೂವರೆಗೂ ಮೆತ್ತಗೇ ಇರುತ್ತದೆ, ಬಿರುಕು ಬಿಡುವುದಿಲ್ಲ. ನವಣೆ ಹಾಕಿದರೆ ಇದು ಆಗುವ ಮಾತೇ ಅಲ್ಲ ಎಂದವರು ನಮ್ಮ ಶಿರಾ ಕಡೆ ಬಹಳ ಜನ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲರಿಗಿಂತ ಮೊದಲು ಬೇಡ ಎಂದವರು ನಮ್ಮಲ್ಲಿ ಮುದ್ದೆ ತೊಳಸುವ ಅಜ್ಜಿ. "ರಾಗಿ ಜೊತೆ ಅಕ್ಕಿ ನುಚ್ಚು ಕೂಡುತ್ತೆ ಕಣಪ್ಪ, ನವಣೆ ಕೂಡಲ್ಲ. ಬಿಸಿ ಇರೋವಾಗ ಚೆಂದ, ಆರಿದ್ಮೇಲೆ ಒಡೆಯುತ್ತೆ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಮಾಮೂಲಿ ಮುದ್ದೆ ಮಾಡುವಂತೆಯೇ ಮಾಡಿದರೆ ಖಂಡಿತ ಒಡೆಯುತ್ತದೆ.

ಮೊದಲು ಮಾಡಿ ನೋಡಿದ್ದು ಹಿಟ್ಟಿನ ದಾರಿ. ನವಣೆ ಅಕ್ಕಿಯನ್ನೂ ಮಿಲ್ಲಿಗೆ ಹಾಕಿಸಿ, ರಾಗಿ ಹಿಟ್ಟಿಗೆ ಅರ್ಧಕ್ಕರ್ಧ ಬೆರೆಸಿದೆ. ಒಲೆಯಿಂದ ಇಳಿಸಿದಾಗ ಮುದ್ದೆ ನುಣ್ಣಗೆ ಇತ್ತು. ಅರ್ಧ ಗಂಟೆಯೊಳಗೆ ಮೇಲೆ ಸಣ್ಣ ಗೆರೆ ಎದ್ದವು. ಗಂಟೆ ಕಳೆಯುವಷ್ಟರಲ್ಲಿ ಬೆರಳು ಒತ್ತಿದರೆ ಮುರಿಯುತ್ತಿತ್ತು, ಹಿಗ್ಗುತ್ತಿರಲಿಲ್ಲ. ನೀರು ಜಾಸ್ತಿ ಮಾಡಿದೆ, ಆಗ ಕೈಗೆ ಅಂಟಿತು. ಬೆಣ್ಣೆ ಹಾಕಿದೆ, ಹೊಳಪು ಬಂತೇ ಹೊರತು ಬಿರುಕು ನಿಲ್ಲಲಿಲ್ಲ. ನವಣೆ ಹಿಟ್ಟು ಕಾಲು ಭಾಗಕ್ಕಿಂತ ಕೆಳಗೆ ಇಳಿಸಿದರೆ ಮಾತ್ರ ಮುದ್ದೆ ನಿಲ್ಲುತ್ತಿತ್ತು. ಅಷ್ಟು ಕಡಿಮೆ ಹಾಕಿ ನವಣೆ ಮುದ್ದೆ ಎಂದು ಹೇಳುವುದು ನ್ಯಾಯ ಅಲ್ಲ, ಅಲ್ವಾ?

ಆ ಒಂದು ಸುತ್ತಿಗೇ ನಾಲ್ಕೈದು ಸಾವಿರ ಹೋಯಿತು. ನವಣೆ ಅಕ್ಕಿ ಆಗ ಕೆಜಿಗೆ ನೂರು ರೂಪಾಯಿ ಆಸುಪಾಸು, ಬೀಸಿಸಿದ ಕೂಲಿ ಬೇರೆ. ದುಡ್ಡಿಗಿಂತ ಬೇಸರ ಆಗಿದ್ದು ಎಲೆ ನೋಡಿ. ಸಾರು ಮುಗಿದಿರುತ್ತಿತ್ತು, ಅರ್ಧ ಮುದ್ದೆ ಹಾಗೇ ಉಳಿದಿರುತ್ತಿತ್ತು. ಲಾರಿ ಓಡಿಸುವವರು ಮುದ್ದೆ ಬಿಟ್ಟು ಏಳುವ ಜನ ಅಲ್ಲ.

ಆಮೇಲೆ ಇಡೀ ಕಾಳು ಬೇಯಿಸಿ, ಅದರ ಮೇಲೆ ರಾಗಿ ಹಿಟ್ಟು ಸುರಿದು ತೊಳಸಿದೆ. ಈಗ ಬಿರುಕು ನಿಂತಿತು, ಬೇರೆ ತೊಂದರೆ ಬಂತು. ಮುದ್ದೆ ಅಗಿಯುವ ಊಟ ಅಲ್ಲ, ಸಾರಿನಲ್ಲಿ ಅದ್ದಿ ನುಂಗುವುದು. ನವಣೆ ಕಾಳು ಸ್ವಲ್ಪ ಗಟ್ಟಿ ಉಳಿದರೂ ಗಂಟಲಿಗೆ ತಡೆಯುತ್ತದೆ. ಇಪ್ಪತ್ತೈದು ನಿಮಿಷ ಬೇಯಿಸಿದರೂ ಕೆಲವು ಕಾಳು ಒಡೆಯದೇ ಉಳಿಯುತ್ತಿದ್ದವು.

ಹಾಗಾಗಿ ನುಚ್ಚಿಗೆ ಬಂದೆ. ನವಣೆಯನ್ನು ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ನಿಲ್ಲಿಸಬೇಕು. ಒಂದು ಕಾಳು ಎರಡು ಮೂರು ಚೂರಾದರೆ ಸಾಕು. ಜರಡಿ ಹಿಡಿದು ಉದುರಿದ ಹಿಟ್ಟನ್ನು ತೆಗೆದುಬಿಡಿ. ಆ ಹಿಟ್ಟು ಉಳಿದರೆ ಗಂಜಿ ತಳ ಹತ್ತುತ್ತದೆ. ಆಮೇಲೆ ನುಚ್ಚನ್ನು ಮೂರು ಸಲ ತೊಳೆದು, ಮೇಲೆ ತೇಲುವ ಹೊಟ್ಟನ್ನೆಲ್ಲ ಚೆಲ್ಲಬೇಕು. ಒಂದು ಗಂಟೆ ನೆನೆದರೆ ಸಾಕು. ರಾತ್ರಿಯಿಡೀ ನೆನೆಹಾಕಿದರೆ ಬೇಸಿಗೆಯಲ್ಲಿ ಹುಳಿ ವಾಸನೆ ಬಂದುಬಿಡುತ್ತದೆ.

ನವಣೆ ಕೊಳ್ಳುವಾಗ ಒಂದು ಹಿಡಿ ಕೈಯಲ್ಲಿ ಉಜ್ಜಿ ಮೂಸಿ ನೋಡಿ. ತವುಡು ಉಳಿದಿರುವ ಹಳದಿ ನವಣೆ ರುಚಿ ಜಾಸ್ತಿ, ಆದರೆ ಹಳತಾದರೆ ಕಮಟು ಹಿಡಿಯುತ್ತದೆ. ಎಷ್ಟು ತೊಳೆದರೂ ಆ ಕಮಟು ಹೋಗುವುದಿಲ್ಲ, ಮುದ್ದೆ ಕಹಿ ಹೊಡೆಯುತ್ತದೆ. ಒಬ್ಬ ವ್ಯಾಪಾರಿ ಅಗ್ಗಕ್ಕೆ ಕೊಟ್ಟ ಅರ್ಧ ಮೂಟೆಯನ್ನು ಕೊನೆಗೆ ಕೋಳಿಗಳಿಗೆ ಹಾಕಿದೆವು. ಈಗ ಹದಿನೈದು ದಿನಕ್ಕೆ ಬೇಕಾಗುವಷ್ಟು ಮಾತ್ರ ತರುತ್ತೇನೆ. ರಾಗಿಯದು ಉಲ್ಟಾ. ಹಿಂದಿನವರು ಅದನ್ನು ವರ್ಷಗಟ್ಟಲೆ ಹಗೇವಿನಲ್ಲಿ ಇಟ್ಟು ತಿನ್ನುತ್ತಿದ್ದರು. ಮುದ್ದೆಗೆ ಒಂದು ವರ್ಷ ಹಳೆಯ ರಾಗಿಯೇ ಚೆನ್ನ. ಹೊಸ ರಾಗಿಯ ಹಿಟ್ಟು ನೀರು ಕಡಿಮೆ ಹಿಡಿಯುತ್ತದೆ, ಅಂಟುತ್ತದೆ.

ಇನ್ನು ಒಲೆಯ ಕೆಲಸ. ಒಂಬತ್ತು ಲೋಟ ನೀರನ್ನೂ ಒಂದೇ ಸಲ ಇಡಿ. ಉಪ್ಪು, ಒಂದು ಚಮಚ ಎಣ್ಣೆ. ಎಸರು ಕುದಿಯುವಾಗ ನೆನೆದ ನುಚ್ಚು ಹಾಕಿ, ಮುಚ್ಚಳ ಓರೆ ಮಾಡಿ, ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ಎರಡು ಮೂರು ಸಲ ತಳ ಕೆದಕಬೇಕು. ನವಣೆ ಗಂಜಿ ತಳಕ್ಕೆ ಕೂರುವುದು ಬೇಗ. ನಮ್ಮಲ್ಲಿ ಪಾತ್ರೆಯ ಕೆಳಗೆ ಹಳೇ ಕಬ್ಬಿಣದ ಹೆಂಚು ಇಟ್ಟಿದ್ದೇವೆ, ಆಮೇಲೆ ಸೀದಿಲ್ಲ. ನುಚ್ಚನ್ನು ಎರಡು ಬೆರಳಲ್ಲಿ ಹಿಚುಕಿದರೆ ನಡುವೆ ಬಿಳಿ ಚುಕ್ಕೆ ಉಳಿಯಬಾರದು. ಉಳಿದರೆ ಇನ್ನೂ ಐದು ನಿಮಿಷ. ಇಲ್ಲಿ ಅವಸರ ಮಾಡಬೇಡಿ. ರಾಗಿ ಹಿಟ್ಟು ಬಿದ್ದ ಮೇಲೆ ನುಚ್ಚು ಬೇಯುವುದಿಲ್ಲ, ನೀರನ್ನೆಲ್ಲ ಹಿಟ್ಟು ಎಳೆದುಕೊಳ್ಳುತ್ತದೆ.

ನಾನು ಬಹಳ ದಿನ ಸಿಕ್ಕಿಬಿದ್ದಿದ್ದು ಇದರ ಮುಂದಿನ ಹಂತದಲ್ಲಿ. ಬರಿ ರಾಗಿ ಮುದ್ದೆಯಲ್ಲಿ ಹಿಟ್ಟು ಸುರಿದು, ನಡುವೆ ಕೋಲು ನಿಲ್ಲಿಸಿ ಬಿಟ್ಟರೆ ಎಸರು ತಾನೇ ಉಕ್ಕಿ ಹಿಟ್ಟಿನ ಮೇಲೆ ಬರುತ್ತದೆ. ನವಣೆ ಬೆಂದ ಎಸರು ಪಾಯಸದ ಹಾಗೆ ಗಟ್ಟಿ. ಅದು ಮೇಲೆ ಏರುವುದಿಲ್ಲ. ಕೆಳಗಿನ ಹಿಟ್ಟು ಬೇಯುತ್ತದೆ, ಮೇಲಿನದು ಒಣಗಿ ಕೂತಿರುತ್ತದೆ, ತಳ ಸೀಯುತ್ತದೆ. ತೊಳಸಲು ಹೋದರೆ ಆ ಒಣ ಹಿಟ್ಟೆಲ್ಲ ಗಂಟು. ಅಜ್ಜಿ ಹೇಳುತ್ತಿದ್ದ "ಕೂಡಲ್ಲ" ಎಂಬುದಕ್ಕೆ ನಿಜವಾದ ಕಾರಣ ಇದೇ. ಹಸಿ ಉಳಿದ ಹಿಟ್ಟೇ ಆರಿದ ಮೇಲೆ ಬಿರುಕು ಬಿಡುತ್ತಿತ್ತು.

ಈಗ ಮಾಡುವುದು ಹೀಗೆ. ನುಚ್ಚು ಬೆಂದ ಮೇಲೆ, ಹಿಟ್ಟು ಹಾಕುವ ಮೊದಲು, ಎರಡು ಲೋಟ ಗಂಜಿಯನ್ನು ಸೌಟಿನಲ್ಲಿ ತೆಗೆದು ಪಕ್ಕದ ಒಲೆಯಲ್ಲಿ ಬಿಸಿಯಾಗಿ ಇಡುತ್ತೇವೆ. ಒಂದು ಹಿಡಿ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಪಾತ್ರೆಗೆ ಹಾಕುತ್ತೇವೆ. ಅದು ಒಂದು ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯುತ್ತೇವೆ. ಕೈ ಆಡಿಸುವುದಿಲ್ಲ. ಕೋಲಿನ ತುದಿಯಿಂದ ಗುಡ್ಡೆಗೆ ತಳ ಮುಟ್ಟುವಂತೆ ಐದಾರು ಕಡೆ ತೂತು ಮಾಡುತ್ತೇವೆ, ನಡುವೆ ಒಂದು, ಸುತ್ತ ಉಳಿದವು. ಹಬೆ ಅಲ್ಲಿಂದ ಬರಬೇಕು. ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ. ಆಮೇಲೆ ತೆಗೆದಿಟ್ಟ ಗಂಜಿಯಲ್ಲಿ ಅರ್ಧವನ್ನು ಹಿಟ್ಟಿನ ಮೇಲೂ ಪಾತ್ರೆಯ ಅಂಚಿಗೂ ಹೊಯ್ದು, ಮುಚ್ಚಿ, ಮತ್ತೆ ಐದು ನಿಮಿಷ. ಹೀಗೆ ಹಿಟ್ಟು ಕೆಳಗಿನಿಂದಲೂ ಬೇಯುತ್ತದೆ, ಮೇಲಿನಿಂದಲೂ ನೆನೆಯುತ್ತದೆ. ಉಳಿದ ಒಂದು ಲೋಟ ತೊಳಸುವಾಗ ಹದ ನೋಡಿಕೊಂಡು. ಹಳೇ ರಾಗಿಯಾದರೆ ಪೂರ್ತಿ ಬೇಕಾಗುತ್ತದೆ, ಹೊಸದಾದರೆ ಅರ್ಧ ಉಳಿಯುತ್ತದೆ. ಎರಡಕ್ಕೂ ಒಂದೇ ಅಳತೆ ನಡೆಯುವುದು ಇದರಿಂದಲೇ.

ತೊಳಸುವಾಗ ಪಾತ್ರೆಯನ್ನು ಕೆಳಗೆ ಇಳಿಸಿ, ಕವೆಗೋಲಿನಿಂದ ಗಟ್ಟಿ ಹಿಡಿದುಕೊಳ್ಳಿ. ಕೋಲನ್ನು ಸುತ್ತ ತಿರುಗಿಸಬೇಡಿ. ತಿರುಗಿಸಿದರೆ ಹಿಟ್ಟು ಪೂರ್ತಿ ಕೋಲಿನ ಜೊತೆ ಸುತ್ತುತ್ತದೆ, ಒಳಗಿನ ಗಂಟು ಹಾಗೇ ಇರುತ್ತದೆ. ಕೋಲನ್ನು ಓರೆ ಹಿಡಿದು, ತಳದಿಂದ ಮೇಲಕ್ಕೆ ಎಳೆದು, ಪಾತ್ರೆಯ ಗೋಡೆಗೆ ಒತ್ತಿ ಉಜ್ಜಬೇಕು. ನಾಲ್ಕು ಸಲ ಒತ್ತಿ, ಪಾತ್ರೆ ಸ್ವಲ್ಪ ತಿರುಗಿಸಿ, ಮತ್ತೆ ಒತ್ತುವುದು. ಮೂರು ನಾಲ್ಕು ನಿಮಿಷ ಹೀಗೆ ಮಾಡಿದರೆ ಗಂಟು ಸಿಗುವುದಿಲ್ಲ. ಆಮೇಲೆ ಮತ್ತೆ ಒಲೆಯ ಮೇಲೆ, ಮುಚ್ಚಳ ಮುಚ್ಚಿ, ತೀರಾ ಸಣ್ಣ ಉರಿಯಲ್ಲಿ ಐದು ನಿಮಿಷ ಹಬೆ. ಇಳಿಸಿ ಇನ್ನೊಮ್ಮೆ ತೊಳಸುವುದು. ಈ ಎರಡನೇ ತೊಳಸನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮೆತ್ತಗೆ ಆಗುವುದು ಇಲ್ಲೇ.

ಬೆಂದಿದ್ದು ಗೊತ್ತಾಗುವುದು ಬಣ್ಣದಲ್ಲಿ. ಮಂಕು ಕೆಂಪು ಹೋಗಿ ಕಪ್ಪು ಕಂದು ಬಂದು ಹೊಳೆಯುತ್ತದೆ. ಒದ್ದೆ ಬೆರಳಿಟ್ಟರೆ ಅಂಟುವುದಿಲ್ಲ, ಹಸಿ ಹಿಟ್ಟಿನ ವಾಸನೆ ಇರುವುದಿಲ್ಲ. ಮುದ್ದೆ ಮುರಿದು ನೋಡಿದರೆ ನವಣೆ ಸಣ್ಣ ಹಳದಿ ಚುಕ್ಕೆಯಾಗಿ ಕಾಣಬೇಕು, ಕೈಗೆ ಕಾಳಾಗಿ ಸಿಗಬಾರದು. ಒದ್ದೆ ಮಣೆಯ ಮೇಲೆ ಸುರಿದು ಬಿಸಿಯಿದ್ದಾಗಲೇ ನಾದಿ ಕಟ್ಟಿ. ಕಟ್ಟಿದ ಮುದ್ದೆಗಳನ್ನು ಹಾಟ್‌ಬಾಕ್ಸಿನಲ್ಲಿ ಇಡುವಾಗ ಅಡಿಗೆ ಒದ್ದೆ ಬಟ್ಟೆ ಹಾಸಿ, ಮೇಲೂ ಒಂದು ಹೊದಿಸಿ. ತಣ್ಣೀರಿನ ಬಟ್ಟೆ ಬೇಡ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ್ದು.

ಕದಡಿ ಹಾಕುವ ಆ ಒಂದು ಹಿಡಿ ಹಿಟ್ಟಿನ ಜೊತೆ ಇನ್ನೊಂದು ಪದಾರ್ಥ ಹೋಗುತ್ತದೆ. ಅದನ್ನು ಮಾತ್ರ ಹೇಳುವುದಿಲ್ಲ, ನಮ್ಮ ಮೆಸ್ಸು ನಡೆಯಬೇಕಲ್ಲ. ಅದಿಲ್ಲದೆಯೂ ಮೇಲೆ ಹೇಳಿದ್ದು ಮಾಡಿದರೆ ಮುದ್ದೆ ಚೆನ್ನಾಗೇ ಬರುತ್ತದೆ.

ಗ್ಯಾಸು ಉಳಿಸೋಣ ಎಂದು ಕುಕ್ಕರಿನಲ್ಲೂ ನೋಡಿದೆ. ಒಂದು ಲೋಟ ನುಚ್ಚಿಗೆ ನಾಲ್ಕು ಲೋಟ ನೀರು, ಮೂರು ವಿಷಲ್. ಬೇಗ ಆಯಿತು, ಆದರೆ ನುಚ್ಚು ಪೂರ್ತಿ ಕರಗಿ ಅಂಟಾಯಿತು. ಮನೆಯ ನಾಲ್ಕು ಮುದ್ದೆಗೆ ಪರವಾಗಿಲ್ಲ, ದೊಡ್ಡ ಪಾತ್ರೆಗೆ ಬೇಡ. ನುಚ್ಚನ್ನು ಹುರಿದು ಹಾಕಿದ್ದೂ ಉಂಟು. ಘಮ ಬಹಳ ಚೆನ್ನಾಗಿತ್ತು, ಬೇಯುವುದಕ್ಕೆ ಹತ್ತು ನಿಮಿಷ ಜಾಸ್ತಿ ತೆಗೆದುಕೊಂಡಿತು. ಬಸ್ಸಾರಿನ ದಿನ ಈಗಲೂ ಒಮ್ಮೊಮ್ಮೆ ಹಾಗೆ ಮಾಡುತ್ತೇನೆ. ಹುಳಿ ಮಜ್ಜಿಗೆ ಒಂದು ಲೋಟ ಎಸರಿಗೆ ಬೆರೆಸಿದರೆ ಉಪ್ಸಾರಿಗೆ ಹೊಂದುತ್ತದೆ, ಸೊಪ್ಪಿನ ಸಾರಿಗೆ ಹೊಂದುವುದಿಲ್ಲ. ಉಳಿದ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಹಾಕಿ ಕುಡಿಯುವವರಿಗೆ ನವಣೆ ಹಾಕಿದ್ದೇ ಇಷ್ಟ.

ಲೆಕ್ಕ ಕೇಳುವವರಿಗೆ: ಮೂರು ಲೋಟ ರಾಗಿ ಹಿಟ್ಟು ನಾನೂರು ಗ್ರಾಂ ಆಸುಪಾಸು ತೂಗುತ್ತದೆ, ನವಣೆ ಒಂದು ಲೋಟ ಇನ್ನೂರು. ಹಿಟ್ಟು ಕೆಜಿಗೆ ಐವತ್ತು, ನವಣೆ ನೂರು ಎಂದರೆ ಹತ್ತು ಮುದ್ದೆಗೆ ಸಾಮಾನಿನ ಖರ್ಚು ನಲವತ್ತು ರೂಪಾಯಿ. ಬರಿ ರಾಗಿಯದು ಮುದ್ದೆಗೆ ಮೂರು ರೂಪಾಯಿ ಬಿದ್ದರೆ ಇದು ನಾಲ್ಕು. ನಾವು ಐದು ರೂಪಾಯಿ ಜಾಸ್ತಿ ಇಟ್ಟಿದ್ದೇವೆ, ಯಾರೂ ಗೊಣಗಿಲ್ಲ. ಮಧ್ಯಾಹ್ನ ಹೋಗುವ ಅರವತ್ತು ಎಪ್ಪತ್ತು ಮುದ್ದೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಈಗ ನವಣೆಯದೇ, ಅದನ್ನು ತೊಳಸುವುದೂ ಆ ಅಜ್ಜಿಯೇ. ನವಣೆ ಪಾಲನ್ನು ಇನ್ನೂ ಏರಿಸಿ ಎಂದು ಕೆಲವರು ಕೇಳುತ್ತಾರೆ. ಎರಡು ಲೋಟ ಹಿಟ್ಟಿಗೆ ಒಂದು ಲೋಟ ನುಚ್ಚಿನವರೆಗೆ ಹೋಗಬಹುದು, ಆಗ ನೀರು ಏಳು ಲೋಟ ಸಾಕು, ಆದರೆ ಅದು ಬಿಸಿಬಿಸಿ ತಿನ್ನುವವರಿಗೆ ಮಾತ್ರ. ಅದಕ್ಕಿಂತ ಮೇಲೆ ಹೋದರೆ ಮುದ್ದೆ ಉಂಡೆಯಾಗಿ ನಿಲ್ಲುವುದಿಲ್ಲ, ತಟ್ಟೆಯಲ್ಲಿ ಹರಡಿಕೊಳ್ಳುತ್ತದೆ.