ಮೇಲ್‌ನಲ್ಲಿ ‘ಯೆಸ್ಟರ್‌ಡೇ’ ಬಂದರೆ ‘ಹ್ಯಾವ್’ ಬೇಡ

ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಹೊಸಬರ ಮೇಲ್ ನೋಡಿಕೊಡುವಾಗ ನಾನು ಜಾಸ್ತಿ ತಿದ್ದುವುದು ಇದನ್ನೇ: ‘ಐ ಹ್ಯಾವ್ ಸೆಂಟ್ ದ ಫೈಲ್ ಯೆಸ್ಟರ್‌ಡೇ.’

ಕನ್ನಡದಲ್ಲಿ ‘ನಿನ್ನೆ ಕಳಿಸಿದ್ದೇನೆ’ ಸರಿಯೇ, ಅಲ್ವಾ? ಅದೇ ಇಂಗ್ಲಿಷಿಗೂ ಇಳಿದುಬಿಡುತ್ತದೆ. ಆದರೆ ಅಲ್ಲಿ ಯೆಸ್ಟರ್‌ಡೇ, ಲಾಸ್ಟ್ ವೀಕ್ ಎಂದು ಮುಗಿದುಹೋದ ಹೊತ್ತನ್ನು ಹೇಳಿದರೆ ‘ಹ್ಯಾವ್’ ಬರುವುದಿಲ್ಲ. ‘ಐ ಸೆಂಟ್ ದ ಫೈಲ್ ಯೆಸ್ಟರ್‌ಡೇ’ ಸಾಕು. ಹೊತ್ತು ಹೇಳದಿದ್ದರೆ ‘ಐ ಹ್ಯಾವ್ ಸೆಂಟ್ ದ ಫೈಲ್’ ಸರಿ. ‘ಟುಡೇ’ ಜೊತೆ ಎರಡೂ ನಡೆಯುತ್ತವೆ, ದಿನ ಇನ್ನೂ ಮುಗಿದಿಲ್ಲವಲ್ಲ.

ಕಳಿಸುವ ಮುಂಚೆ ‘ಹ್ಯಾವ್’, ‘ಹ್ಯಾಸ್’ ಇರುವ ವಾಕ್ಯಗಳನ್ನು ಹುಡುಕಿ. ‘ಯಾವಾಗ?’ ಎಂಬುದಕ್ಕೆ ಅಲ್ಲೇ ಉತ್ತರ ಇದೆಯೇ ನೋಡಿ. ‘ಸಿನ್ಸ್ ಮಂಡೇ’ ಇದ್ದರೆ ಮಾತ್ರ ‘ಹ್ಯಾವ್’ ತೆಗೆಯಬೇಡಿ. ಅದು ಸೋಮವಾರದಿಂದ ಇವತ್ತಿನವರೆಗಿನ ಮಾತು.