ಹದಿಮೂರರ ಒಳಗೆ ಹತ್ತು ಕೂತಿದೆ

ನನ್ನ ಮಗಳಿಗೆ ಏಳು ವರ್ಷ, ಎರಡನೇ ಕ್ಲಾಸು. ದಸರಾ ರಜೆಗೆ ಸ್ಕೂಲಿನಿಂದ ಒಂದು ಕಟ್ಟು ವರ್ಕ್‌ಶೀಟ್ ಕೊಟ್ಟಿದ್ದರು. ಒಂದೊಂದು ಹಾಳೆಯಲ್ಲಿ ಇಪ್ಪತ್ತು ಕೂಡುವ ಲೆಕ್ಕ. ನಾಲ್ಕು ಮಾಡುವಷ್ಟರಲ್ಲಿ ಅವಳಿಗೆ ನೀರು ಬೇಕು, ಪೆನ್ಸಿಲ್ ಮೊಂಡಾಯಿತು, ಹೊಟ್ಟೆನೋವು. ಸೋಮಾರಿತನ ಅಂತ ನಾನು ದಿನಾ ಬೈಯುತ್ತಿದ್ದೆ.

ಒಂದು ದಿನ ಬೈಯದೆ ಪಕ್ಕದಲ್ಲಿ ಕೂತು ಅವಳು ಹೇಗೆ ಮಾಡುತ್ತಾಳೆ ಅಂತ ನೋಡಿದೆ. 8+5 ಇತ್ತು. ಮೊದಲು ಎಂಟು ಗೆರೆ ಎಳೆದಳು. ಪಕ್ಕದಲ್ಲಿ ಐದು ಗೆರೆ ಎಳೆದಳು. ಆಮೇಲೆ ಒಂದರಿಂದ ಶುರು ಮಾಡಿ ಹದಿಮೂರೂ ಗೆರೆ ಎಣಿಸಿದಳು. ಉತ್ತರ ಸರಿಯಾಗಿತ್ತು. ಆದರೆ ಒಂದು ಹಾಳೆ ಮುಗಿಸಲು ಇನ್ನೂರಕ್ಕೂ ಜಾಸ್ತಿ ಗೆರೆ ಬೇಕು. ಯಾರಿಗೆ ತಾನೇ ಬೇಜಾರಾಗಲ್ಲ? ಅವಳಿಗೆ ಲೆಕ್ಕ ಬರುತ್ತಿತ್ತು, ಗೆರೆ ಬಿಟ್ಟು ಮಾಡುವ ದಾರಿ ಗೊತ್ತಿರಲಿಲ್ಲ.

ಆ ದಾರಿಯನ್ನು ಆಟದಲ್ಲಿ ತೋರಿಸೋಣ ಅಂತ ಹೊರಟೆ. ಲೂಡೋ ಡಬ್ಬದಿಂದ ಎರಡು ದಾಳ ತೆಗೆದುಕೊಂಡೆ. ಮಾಮೂಲಿ ದಾಳ ಎರಡನ್ನೂ ಹಾಗೇ ಕೊಟ್ಟರೆ ಮಗು ಎರಡರ ಚುಕ್ಕಿಯನ್ನೂ ಒಂದರಿಂದ ಎಣಿಸುತ್ತದೆ, ಗೆರೆಯ ಕಥೆಯೇ ಮತ್ತೆ. ಅದಕ್ಕೆ ಒಂದು ದಾಳದ ಆರೂ ಮುಖಕ್ಕೆ ಬಿಳಿ ಸ್ಟಿಕರ್ ಅಂಟಿಸಿ 4ರಿಂದ 9ರವರೆಗೆ ಅಂಕಿ ಬರೆದೆ. ಇನ್ನೊಂದರಲ್ಲಿ ಚುಕ್ಕಿ ಹಾಗೇ ಬಿಟ್ಟೆ. ಎರಡನ್ನೂ ಒಟ್ಟಿಗೆ ಉರುಳಿಸಿ, ಕೂಡಿ, ಬಂದಷ್ಟು ಹುಣಸೆಬೀಜ ಡಬ್ಬದಿಂದ ತೆಗೆದುಕೊಳ್ಳಬೇಕು. ಯಾರಿಗೆ ಮೊದಲು ಐವತ್ತು ಬೀಜವಾಗುತ್ತದೋ ಅವರು ಗೆದ್ದ ಹಾಗೆ. ತುಮಕೂರಿನ ಮನೆ, ಹುಣಸೆಬೀಜಕ್ಕೆ ಏನು ಕಮ್ಮಿ! ಬೇಸಿಗೆಯಲ್ಲಿ ಹಣ್ಣು ಕುಟ್ಟಿದಾಗ ತೆಗೆದಿಟ್ಟದ್ದು ಡಬ್ಬದ ತುಂಬಾ ಇತ್ತು.

ಅಂಕಿಯ ದಾಳದಲ್ಲಿ 8 ಬಿದ್ದರೆ ಎಣಿಸಲು ಅಲ್ಲಿ ಚುಕ್ಕಿಯೇ ಇಲ್ಲ. ಎಂಟು ಅಂತ ಒಪ್ಪಿಕೊಂಡು ಮುಂದಕ್ಕೆ ಹೋಗಲೇಬೇಕು. ಎರಡು ಮೂರು ದಿನ ತಡವರಿಸಿದಳು, ಆಮೇಲೆ ಹಿಡಿದುಕೊಂಡಳು. ಆದರೆ ಒಂದು ಹೊಸ ತಪ್ಪು ಶುರುವಾಯಿತು. 8 ಮತ್ತು 5 ಬಿದ್ದರೆ ಚುಕ್ಕಿಗಳ ಮೇಲೆ ಬೆರಳಿಟ್ಟು "ಎಂಟು, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು" ಅನ್ನುತ್ತಿದ್ದಳು. ಉತ್ತರ ಪ್ರತಿಸಲ ಒಂದು ಕಮ್ಮಿ. ಹೀಗೆ ಸರಿಯಾಗಿ ಒಂದೇ ಒಂದು ಕಮ್ಮಿ ಬರುತ್ತಿದ್ದರೆ ಮಗು ನಿಂತ ಸಂಖ್ಯೆಯನ್ನೂ ಸೇರಿಸಿ ಎಣಿಸುತ್ತಿದೆ ಅಂತ ತಿಳಿಯಬೇಕು. ಅಜಾಗರೂಕತೆ ಅಂತ ಬೈದರೆ ಪ್ರಯೋಜನವಿಲ್ಲ.

ಇದನ್ನು ಸರಿ ಮಾಡಿದ್ದು ನಮ್ಮ ಅತ್ತೆ. ಅವರು ಮೊಮ್ಮಗಳ ಜೊತೆ ಚೌಕಾಬಾರ ಆಡುತ್ತಾರೆ. ದಾಳದ ಹತ್ತಿರ ಬಂದು, "ಪುಟ್ಟಿ, ಕಾಯಿ ನಡೆಸುವಾಗ ನಿಂತ ಮನೆ ಎಣಿಸ್ತೀಯಾ?" ಅಂದರು. "ಇಲ್ಲ ಅಜ್ಜಿ, ಮುಂದಿನ ಮನೆಯಿಂದ" ಅಂದಳು. "ಹಾಗಾದರೆ ಎಂಟು ನೀನು ನಿಂತ ಮನೆ." ಅಷ್ಟೇ. ಅವತ್ತಿನಿಂದ ಎಂಟನ್ನು ಬಾಯಲ್ಲಿ ಹೇಳಿ, ಒಂಬತ್ತಕ್ಕೆ ಮೊದಲ ಚುಕ್ಕಿ ಮುಟ್ಟತೊಡಗಿದಳು.

ಆದರೆ ಅದೇ ಅತ್ತೆ, ನಾನು ಇಸ್ಪೀಟು ಕಟ್ಟು ತಂದಾಗ ಮುಖ ಗಂಟಿಕ್ಕಿದರು. "ಮಗು ಕೈಗೆ ಇಸ್ಪೀಟು ಕೊಡ್ತೀಯೇನಮ್ಮಾ?" ಅಂದರು. ಜೂಜಿನಿಂದ ಮನೆ ಕಳೆದುಕೊಂಡವರನ್ನು ನೋಡಿದವರು ಅವರು, ಅವರ ಭಯ ನನಗೆ ಅರ್ಥವಾಯಿತು. ರಾಜ, ರಾಣಿ, ಗುಲಾಮ ಎಲ್ಲ ತೆಗೆದು ಅವರ ಕೈಗೇ ಕೊಟ್ಟೆ. "ಇವು ಬೇಡವೇ ಬೇಡ ಅತ್ತೆ, ಅಂಕಿ ಇರುವ ಎಲೆ ಸಾಕು" ಅಂದೆ. ಆಮೇಲೆ ಅವರೂ ಆಟಕ್ಕೆ ಕೂತರು.

ಹತ್ತರ ಎಲೆಗಳನ್ನೂ ತೆಗೆದರೆ 36 ಎಲೆ ಉಳಿಯುತ್ತವೆ. ಎಕ್ಕ ಅಂದರೆ ಒಂದು. ಒಬ್ಬೊಬ್ಬರಿಗೆ ಐದು ಎಲೆ, ಉಳಿದದ್ದು ನಡುವೆ ಕವುಚಿ. ಕೈಯಲ್ಲಿ ಕೂಡಿದರೆ ಹತ್ತಾಗುವ ಜೋಡಿ ಇದ್ದರೆ ಕೆಳಗಿಡಬೇಕು. ಇಲ್ಲದಿದ್ದರೆ ಎದುರಿನವರನ್ನು ಕೇಳಬೇಕು, ಅವರ ಹತ್ತಿರ ಇಲ್ಲದಿದ್ದರೆ ನಡುವಿನಿಂದ ಒಂದು ಎಳೆಯಬೇಕು. ಕೈ ಖಾಲಿಯಾದರೂ ಹೀಗೇ ಒಂದು ಎಳೆದುಕೊಳ್ಳುವುದು. ಆಟದ ಜೀವ ಇರುವುದು ಕೇಳುವುದರಲ್ಲಿ. ಕೈಯಲ್ಲಿ 7 ಇದ್ದರೆ "ಮೂರು ಇದೆಯಾ?" ಅಂತ ಕೇಳಬೇಕು. ಆ ಮೂರನ್ನು ಮಗು ತಾನೇ ಯೋಚಿಸಿ ಹುಡುಕುತ್ತದೆ, ಅದೂ ತನಗೆ ಬೇಕು ಅಂತ. ಒಂದು ಆಟದಲ್ಲಿ ಹೀಗೆ ಎಷ್ಟೋ ಸಲ ಆಗುತ್ತದೆ.

ಇಲ್ಲಿ ನಾನೇ ಒಂದು ತಪ್ಪು ಮಾಡಿದೆ. ಅವಳು ಜೋಡಿ ಇಟ್ಟಾಗಲೆಲ್ಲ "ಆರು ನಾಲ್ಕು ಎಷ್ಟು? ನಾಲ್ಕು ಆರು ಎಷ್ಟು?" ಅಂತ ಕೇಳತೊಡಗಿದೆ. ಎರಡನೇ ದಿನ ಎಲೆ ಕೆಳಗಿಟ್ಟು ಎದ್ದು ಹೋದಳು. ಆಟ ಪರೀಕ್ಷೆಯಾಗಿತ್ತು. ಆಮೇಲೆ ಪ್ರಶ್ನೆ ಬಿಟ್ಟೆ. ತಪ್ಪು ಜೋಡಿ ಇಟ್ಟರೆ ನಾನು ಹೇಳುತ್ತಿರಲಿಲ್ಲ, ಅತ್ತೆ "ಇದು ಹತ್ತಾಗುತ್ತಾ, ನೋಡೋಣ" ಅಂತ ಎಲೆಯ ಗುರುತುಗಳನ್ನು ಎಣಿಸುತ್ತಿದ್ದರು. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಆಡುತ್ತಿರಲಿಲ್ಲ.

ಹತ್ತರ ಜೋಡಿಗಳು ಬಾಯಿಗೆ ಬಂದ ಮೇಲೆ 8+5ಕ್ಕೆ ವಾಪಸ್ ಬಂದೆವು. ಅಂಗಡಿಯಿಂದ ಮೂವತ್ತು ಮೊಟ್ಟೆಯ ಖಾಲಿ ಟ್ರೇ ತಂದು, ಐದೈದು ಗುಳಿಯ ಎರಡು ಸಾಲು ಬರುವಂತೆ ಕತ್ತರಿಸಿದೆ. ಹತ್ತು ಗುಳಿಯ ಮೂರು ತುಂಡು ಸಿಕ್ಕವು. ಎರಡು ಸಾಕು. ಮೊದಲ ತುಂಡಿನಲ್ಲಿ ಎಂಟು ಬೀಜ ಇಟ್ಟು ಚುಕ್ಕಿ ದಾಳ ಉರುಳಿಸುವುದು. ಐದು ಬಿದ್ದರೆ ಐದು ಬೀಜ ಕೈಗೆ. ಎರಡು ಗುಳಿ ಖಾಲಿ ಇವೆ, ಅವು ಮೊದಲು ತುಂಬಬೇಕು. ಉಳಿದ ಮೂರು ಪಕ್ಕದ ತುಂಡಿಗೆ. ಹತ್ತು ಮತ್ತು ಮೂರು.

ಇಲ್ಲಿ ಕನ್ನಡ ನಮಗೆ ಬಹಳ ಸಹಾಯ ಮಾಡಿತು. ಅವಳದು ಇಂಗ್ಲಿಷ್ ಮೀಡಿಯಂ. ಸ್ಕೂಲಲ್ಲಿ ಥರ್ಟೀನ್ ಅನ್ನುವಾಗ ಒಳಗಿನ ಹತ್ತು ಅವಳಿಗೆ ಕೇಳಿಸುತ್ತಿರಲಿಲ್ಲ. ಹದಿಮೂರು ಅಂದರೆ ಹತ್ತು, ಮೂರು. ಹದಿನಾಲ್ಕು, ಹದಿನೈದು, ಹತ್ತೊಂಬತ್ತು, ಎಲ್ಲದರಲ್ಲೂ ಹತ್ತು ಕೂತಿದೆ. "ಹತ್ತು ತುಂಬಿತು, ಮೂರು ಉಳೀತು, ಹದಿ...ಮೂರು!" ಅಂತ ಅವಳೇ ಎಳೆದು ಹೇಳಿದ್ದು ಈಗಲೂ ಕಿವಿಯಲ್ಲಿದೆ.

ನಾನು ಮೊದಲು ಒಂಬತ್ತು ಬೀಜ ಇಟ್ಟು ಆಡಿಸಬೇಕಿತ್ತು. ಆಗ ಒಂದೇ ಗುಳಿ ಖಾಲಿ, ಮಗುವಿಗೆ ಬೇಗ ಹೊಳೆಯುತ್ತದೆ. ಆಮೇಲೆ ಎಂಟು, ಆಮೇಲೆ ಏಳು. ಒಂದೆರಡು ವಾರವಾದ ಮೇಲೆ ಬೀಜ ಬಿಟ್ಟು ಬರೀ ಟ್ರೇ ನೋಡಿ ಹೇಳುವುದು, ಕೊನೆಗೆ ಟ್ರೇನೂ ಎತ್ತಿಡುವುದು. ಬೇಗ ಎತ್ತಿಟ್ಟರೆ ಬೆರಳು ಮತ್ತೆ ಶುರುವಾಗುತ್ತದೆ. ಹಾಗಾದರೆ ಟ್ರೇ ಇನ್ನೂ ಬೇಕು ಅಂತ ಅರ್ಥ.

ವರ್ಕ್‌ಶೀಟ್ ಅವಳಿಗೆ ಈಗಲೂ ಇಷ್ಟವಿಲ್ಲ. ಹಾಳೆಯಲ್ಲಿ ಒಂದರ ಕೆಳಗೊಂದು ಬರೆದು ದಶಕ ಏರಿಸುವುದನ್ನು ಈ ಆಟ ಕಲಿಸುವುದಿಲ್ಲ, ಅದನ್ನು ಬೇರೆಯಾಗಿ ಬರೆದೇ ಕಲಿಯಬೇಕು. ಆದರೆ ಹಾಳೆಯ ಅಂಚಿನಲ್ಲಿ ಗೆರೆಗಳು ಈಗ ಇಲ್ಲ.

ಮೊನ್ನೆ ಮೂವರೂ ಎಲೆ ಆಡುತ್ತಿದ್ದೆವು. 36 ಎಲೆಯಲ್ಲಿ 18 ಜೋಡಿ ಆಗಿ ಕೈ ಪೂರ್ತಿ ಖಾಲಿಯಾಗಬೇಕು. ಅವಳ ಕೈಯಲ್ಲಿ ಒಂದು ಆರು ಉಳಿದುಬಿಟ್ಟಿತು. ನಾನು ಎಲೆ ಎಣಿಸಲು ಹೋದೆ. ಅವಳು ಆ ಆರನ್ನೇ ನೋಡಿ, "ಎಣಿಸಬೇಡ ಅಮ್ಮ, ಒಂದು ನಾಲ್ಕು ಕಳೆದಿದೆ" ಅಂದಳು. ಮಂಚದ ಕೆಳಗೆ ಕಳಾವರ್ ನಾಲ್ಕು ಬಿದ್ದಿತ್ತು.